ಮಾರಾಟಕ್ಕೆ ಗೆರೆ, ಖರ್ಚಿಗೆ ಹೋಳು

ಚಕ್ಕುಲಿ, ಕೋಡುಬಳೆ ಕರಿದು ಮಾರುವ ಒಂದು ಪುಟ್ಟ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಯಜಮಾನರು ಎಕ್ಸೆಲ್‌ನಲ್ಲಿ ಲೆಕ್ಕ ಬರೆದಿಟ್ಟಿದ್ದಾರೆ. ಅವರಿಗೆ ಎರಡು ಸಂಗತಿ ತಿಳಿಯಬೇಕು: ವ್ಯಾಪಾರ ಏರುತ್ತಿದೆಯೋ ಇಳಿಯುತ್ತಿದೆಯೋ, ಮತ್ತು ಖರ್ಚಿನಲ್ಲಿ ಯಾವ ಬಾಬ್ತಿಗೆ ಎಷ್ಟು ಪಾಲು ಹೋಗುತ್ತಿದೆ. ಒಂದೇ ಬಗೆಯ ಚಾರ್ಟ್‌ನಿಂದ ಈ ಎರಡನ್ನೂ ತೋರಿಸಲು ಹೊರಟರೆ ಒಂದಾದರೂ ಕೆಡುತ್ತದೆ.

ಕಾರಣ ಸರಳ. ಜುಲೈ ಆದಮೇಲೆ ಆಗಸ್ಟ್ ಬರುತ್ತದೆ, ಆ ಕ್ರಮ ಬದಲಾಗದು. ಅಕ್ಕಪಕ್ಕದ ತಿಂಗಳುಗಳ ಚುಕ್ಕೆಗಳನ್ನು ಗೆರೆಯಿಂದ ಸೇರಿಸಿದಾಗ ಆ ಗೆರೆಯ ಓರೆಯೇ ಏರಿಳಿತವನ್ನು ಹೇಳುತ್ತದೆ. ಎಣ್ಣೆ ಮತ್ತು ಬಾಡಿಗೆಯ ನಡುವೆ ಅಂಥ ಕ್ರಮವಿಲ್ಲ. ಅವು ಒಂದೇ ಮೊತ್ತದ ತುಂಡುಗಳು, ಅವುಗಳ ನಡುವೆ ಗೆರೆ ಎಳೆದರೆ ಅದಕ್ಕೆ ಅರ್ಥವೇ ಇರುವುದಿಲ್ಲ.

ಮೊದಲು ಮಾರಾಟ. A ಕಾಲಂನಲ್ಲಿ ತಿಂಗಳು, B ಮತ್ತು C ಕಾಲಂಗಳಲ್ಲಿ ಎರಡು ವರ್ಷಗಳ ಮಾರಾಟ ಬರೆಯಿರಿ. ತಲೆಬರಹದಲ್ಲಿ ಬರೀ 2024, 2025 ಎಂದು ಬರೆಯಬೇಡಿ. ಎಕ್ಸೆಲ್ ಅದನ್ನೂ ಮಾರಾಟದ ಅಂಕಿ ಎಂದೇ ತಿಳಿಯಬಹುದು. ಆಗ ಗೆರೆ ನೆಲದಿಂದ ಹೊರಟು ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ. ‘2024ರ ಮಾರಾಟ’ ಎಂದು ಬರೆದರೆ ಈ ತೊಂದರೆ ಬರುವುದಿಲ್ಲ. ಈಗ ತಲೆಬರಹವೂ ಸೇರಿದಂತೆ ಎಲ್ಲವನ್ನೂ ಆಯ್ದು, Insert ಒತ್ತಿ, Line ಚಾರ್ಟ್ ಆರಿಸಿ. ನಡೆಯುತ್ತಿರುವ ತಿಂಗಳನ್ನು ಆಯ್ಕೆಯಿಂದ ಬಿಡಿ. ಹತ್ತನೇ ತಾರೀಖಿನವರೆಗಿನ ಮಾರಾಟವನ್ನು ಪೂರ್ತಿ ತಿಂಗಳುಗಳ ಪಕ್ಕ ಇಟ್ಟರೆ ವ್ಯಾಪಾರ ಕುಸಿದಂತೆ ಕಾಣುತ್ತದೆ.

ಎರಡು ವರ್ಷ ಏಕೆಂದರೆ, ಆಷಾಢದಲ್ಲಿ ಇಳಿದು ಹಬ್ಬಕ್ಕೆ ಏರುವುದು ಇಂಥ ಅಂಗಡಿಯ ಮಾಮೂಲು. ಆಗಸ್ಟನ್ನು ಜುಲೈಗೆ ಹೋಲಿಸಿದರೆ ಹಬ್ಬದ ಏರಿಕೆ ಕಾಣುತ್ತದೆಯೇ ಹೊರತು ಅಂಗಡಿ ಬೆಳೆದಿದೆಯೇ ಎಂಬುದು ತಿಳಿಯದು. ಹಿಂದಿನ ವರ್ಷದ ಗೆರೆ ಪಕ್ಕದಲ್ಲಿದ್ದರೆ ಅದು ತಿಳಿಯುತ್ತದೆ. ಆದರೂ ಎಚ್ಚರ ಬೇಕು. ಗಣೇಶನ ಹಬ್ಬ 2024ರಲ್ಲಿ ಸೆಪ್ಟೆಂಬರ್ 7ಕ್ಕೆ, 2025ರಲ್ಲಿ ಆಗಸ್ಟ್ 27ಕ್ಕೆ ಬಂತು. ನಮ್ಮ ಅಂಗಡಿಯಲ್ಲಿ 2024ರ ಆಗಸ್ಟ್ ಮಾರಾಟ 88,000, ಸೆಪ್ಟೆಂಬರಿನದು 94,000 ರೂಪಾಯಿ ಎನ್ನೋಣ. ಮರುವರ್ಷ ಅವೇ 1,12,000 ಮತ್ತು 80,000. ಸೆಪ್ಟೆಂಬರ್ ಒಂದನ್ನೇ ನೋಡಿದರೆ 14,000 ಕಡಿಮೆ. ಎರಡು ತಿಂಗಳು ಕೂಡಿಸಿದರೆ 1,82,000 ಇದ್ದದ್ದು 1,92,000 ಆಗಿದೆ. ವ್ಯಾಪಾರ ಬೆಳೆದಿದೆ, ಹಬ್ಬ ಮುಂಚೆ ಬಂದಿದೆ, ಅಷ್ಟೇ. ಗೆರೆ ಈ ಕಾರಣವನ್ನು ತಾನಾಗಿ ಹೇಳದು. ಆ ತಿಂಗಳ ಮೇಲೆ ‘ಗಣೇಶ ಹಬ್ಬ’ ಎಂದು ಒಂದು ಪುಟ್ಟ ಟಿಪ್ಪಣಿ ಹಾಕಿ.

ಇನ್ನು ಖರ್ಚು. ಒಂದು ತಿಂಗಳಿನದು ಹೀಗಿರಲಿ: ದಿನಸಿ 22,000, ಎಣ್ಣೆ 15,000, ಕೂಲಿ 10,000, ಬಾಡಿಗೆ 6,000, ಗ್ಯಾಸ್ 4,000, ಪ್ಯಾಕಿಂಗ್ 3,000. ಒಟ್ಟು 60,000. ಈ ಆರು ಸಾಲುಗಳನ್ನು ಮಾತ್ರ ಆಯ್ದು Insert ಒತ್ತಿ, Pie ಆರಿಸಿ. ಹೋಳಿನ ಮೇಲೆ ರೈಟ್ ಕ್ಲಿಕ್ ಮಾಡಿ Add Data Labels, ಬಳಿಕ Format Data Labels ಒಳಗೆ Percentage ಕೊಟ್ಟರೆ ಪ್ರತಿ ಹೋಳಿನ ಶೇಕಡಾ ಪಾಲು ಕಾಣುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಒಟ್ಟು ಮೊತ್ತದ ಸಾಲಿನಲ್ಲಿ. ಅದೂ ಆಯ್ಕೆಯೊಳಗೆ ಸೇರಿಬಿಟ್ಟರೆ ವೃತ್ತದ ಸರಿಯಾಗಿ ಅರ್ಧವನ್ನು ಅದೇ ಕಬಳಿಸುತ್ತದೆ, ಶೇ 25 ಇರಬೇಕಾದ ಎಣ್ಣೆ ಶೇ 12.5ಕ್ಕೆ ಇಳಿಯುತ್ತದೆ. ನಿಮ್ಮ ಚಾರ್ಟ್‌ನಲ್ಲಿ ಒಂದು ಹೋಳು ಕರಾರುವಾಕ್ಕಾಗಿ ಶೇ 50 ಇದ್ದರೆ ಮೊದಲು ಇದನ್ನೇ ನೋಡಿ.

ಐದಾರು ಹೋಳುಗಳವರೆಗೆ ಪೈ ಚೆನ್ನಾಗಿ ಕೆಲಸ ಮಾಡುತ್ತದೆ. ಬಾಬ್ತುಗಳು ಹತ್ತು ದಾಟಿದರೆ, ಅಥವಾ ಪಾಲುಗಳು ಹತ್ತಿರ ಹತ್ತಿರ ಇದ್ದರೆ, ನಾನು ಅದನ್ನು ಬಿಟ್ಟು ಅಡ್ಡ ಪಟ್ಟಿಗಳ Bar ಚಾರ್ಟ್ ಬಳಸುತ್ತೇನೆ. ಕೋನ ಅಳೆಯುವುದಕ್ಕಿಂತ ಒಂದೇ ಗೋಡೆಗೆ ಒರಗಿಸಿಟ್ಟ ಪಟ್ಟಿಗಳ ಉದ್ದ ಹೋಲಿಸುವುದು ಕಣ್ಣಿಗೆ ಸುಲಭ. ಆಗ ಪಾಲನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕು. ಖರ್ಚು B2ರಿಂದ B7ರವರೆಗೆ ಇದ್ದರೆ C2ರಲ್ಲಿ ಹೀಗೆ ಬರೆದು ಕೆಳಗೆ ಎಳೆಯಿರಿ:

```
=B2/SUM(B$2:B$7)
```

ಡಾಲರ್ ಚಿಹ್ನೆ ಬಿಟ್ಟರೆ ಕೆಳಗೆ ಎಳೆದಂತೆಲ್ಲ ಮೊತ್ತದ ವ್ಯಾಪ್ತಿಯೂ ಜಾರುತ್ತಾ ಹೋಗಿ ಪಾಲು ತಪ್ಪುತ್ತದೆ. C ಕಾಲಂಗೆ Percentage ಫಾರ್ಮ್ಯಾಟ್ ಕೊಟ್ಟು ಕೂಡಿಸಿದಾಗ ಶೇ 100 ಬಂದರೆ ಸರಿಯಿದೆ. ಎಕ್ಸೆಲ್ ಮೊದಲ ಸಾಲನ್ನು ಪಟ್ಟಿಗಳಲ್ಲಿ ಎಲ್ಲಕ್ಕಿಂತ ಕೆಳಗೆ ಇಡುವುದರಿಂದ, ದೊಡ್ಡ ಖರ್ಚು ಮೇಲೆ ಕಾಣಬೇಕಾದರೆ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ.

ಪಾಲಿನ ಚಾರ್ಟ್ ಎರಡು ತಿಂಗಳಿಗೆ ಬೇಕೆಂದಾಗ ಎರಡು ಪೈ ಪಕ್ಕಪಕ್ಕ ಇಡುವ ಬದಲು 100% Stacked Column ಆರಿಸಿ. ತಿಂಗಳುಗಳ ಬದಲು ಬಾಬ್ತುಗಳಿಗೆ ಕಂಬ ಬಂದರೆ Switch Row/Column ಒತ್ತಿ, ಪ್ರತಿ ತಿಂಗಳಿಗೆ ಒಂದೇ ಎತ್ತರದ ಕಂಬ ಬರುತ್ತದೆ. ಆದರೆ ಮುಂದಿನ ತಿಂಗಳ ಒಟ್ಟು ಖರ್ಚು 48,000ಕ್ಕೆ ಇಳಿದರೆ, ಅದೇ 6,000 ಬಾಡಿಗೆ ಶೇ 10ರಿಂದ ಶೇ 12.5ಕ್ಕೆ ಏರಿದಂತೆ ತೋರುತ್ತದೆ. ಬಾಡಿಗೆ ಒಂದು ರೂಪಾಯಿಯೂ ಹೆಚ್ಚಿಲ್ಲ. ಹಾಗಾಗಿ ಪ್ರತಿ ಕಂಬದ ಹೆಸರಿನ ಜೊತೆಗೆ ‘ಆಗಸ್ಟ್ – ಒಟ್ಟು 60,000’, ‘ಸೆಪ್ಟೆಂಬರ್ – ಒಟ್ಟು 48,000’ ಎಂದು ಮೊತ್ತವನ್ನೂ ಬರೆದಿಡಿ.