ತೆರಿಗೆ ಪ್ರಶ್ನೋತ್ತರ: ನೋಂದಣಿ ರದ್ದತಿಯ ನೋಟಿಸ್ ಬಂದಿದೆ, ಈಗೇನು?

ಪ್ರಶ್ನೆ: ತಿಪಟೂರಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿದ್ದೇನೆ. ವರ್ಷದ ವಹಿವಾಟು ಅರವತ್ತು ಲಕ್ಷದೊಳಗೆ, ಜಿಎಸ್‌ಟಿ ತಿಂಗಳ ಲೆಕ್ಕದ್ದು. ಅಮ್ಮನ ಚಿಕಿತ್ಸೆಯ ಓಡಾಟದಲ್ಲಿ 2025ರ ಜನವರಿಯಿಂದ ಜೂನ್‌ವರೆಗೆ ಒಂದು ರಿಟರ್ನನ್ನೂ ಹಾಕಲಾಗಲಿಲ್ಲ. ಮೇ, ಜೂನ್‌ನಲ್ಲಿ ಅಂಗಡಿಯ ಬಾಗಿಲೇ ತೆಗೆದಿಲ್ಲ. ಆಗಸ್ಟ್ 11ಕ್ಕೆ REG-17 ನೋಟಿಸ್ ಬಂದಿದೆ, ನೋಂದಣಿ Suspended ಎಂದು ತೋರಿಸುತ್ತಿದೆ. ಕಷ್ಟ ಹೇಳಿಕೊಂಡು ಒಂದು ಉತ್ತರ ಬರೆದರೆ ಸಾಕೇ? ವ್ಯಾಪಾರವೇ ಇಲ್ಲದ ತಿಂಗಳಿಗೂ ರಿಟರ್ನ್ ಹಾಕಬೇಕೇ?
(ಓದುಗರು, ತಿಪಟೂರು)

ಉತ್ತರ: ಅವಸರದ ವಿಷಯವಾದ್ದರಿಂದ ನಿಮಗೆ ಫೋನಿನಲ್ಲೇ ಹೇಳಿದ್ದೆ. ಉಳಿದವರಿಗೂ ಉಪಯೋಗವಾಗಲೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ತಿಂಗಳ ರಿಟರ್ನ್ ಹಾಕುವವರು ಸತತ ಆರು ತಿಂಗಳು ಬಿಟ್ಟರೆ ನೋಂದಣಿ ರದ್ದು ಮಾಡುವ ಅಧಿಕಾರ ಇಲಾಖೆಗೆ ಬರುತ್ತದೆ. ಮೂರು ತಿಂಗಳಿಗೊಮ್ಮೆ ಹಾಕುವವರಿಗೆ ಸತತ ಎರಡು ತ್ರೈಮಾಸಿಕ ಬಿಟ್ಟರೇ ಸಾಕು. ಅಂಗಡಿ ಮುಚ್ಚಿದ್ದ ತಿಂಗಳುಗಳೂ ಈ ಆರರಲ್ಲಿ ಸೇರುತ್ತವೆ. ವ್ಯಾಪಾರ ಇಲ್ಲದಿದ್ದರೆ ಹಾಕಬೇಕಾದದ್ದು 'ನಿಲ್' ರಿಟರ್ನ್. ಅದನ್ನೂ ಬಿಟ್ಟವರೇ ಹೆಚ್ಚಾಗಿ ಈ ನೋಟಿಸ್ ಹಿಡಿದು ಬರುವುದನ್ನು ನೋಡಿದ್ದೇನೆ.

ನೋಟಿಸಿಗೆ ಉತ್ತರ ಕೊಡಲು 7 ಕೆಲಸದ ದಿನಗಳಿವೆ. ಉತ್ತರದ ನಮೂನೆ REG-18. ಆದರೆ ಕಷ್ಟ ಹೇಳಿಕೊಂಡ ಮಾತ್ರಕ್ಕೆ ನೋಂದಣಿ ಉಳಿಯುವುದಿಲ್ಲ. ನಿಯಮ 22(4) ನಿಮಗೆ ಅದಕ್ಕಿಂತ ಗಟ್ಟಿಯಾದ ದಾರಿ ಕೊಟ್ಟಿದೆ. ಉತ್ತರದ ಬದಲು ಬಾಕಿ ರಿಟರ್ನ್‌ಗಳನ್ನೆಲ್ಲ ಹಾಕಿ, ತೆರಿಗೆ, ಬಡ್ಡಿ, ಲೇಟ್ ಫೀ ಪೂರ್ತಿ ಕಟ್ಟಿದರೆ ಅಧಿಕಾರಿ ಕ್ರಮವನ್ನು ಕೈಬಿಡಲೇಬೇಕು. ಇಲ್ಲಿ ಅವರ ಇಷ್ಟಾನಿಷ್ಟದ ಪ್ರಶ್ನೆ ಇಲ್ಲ.

ಖರ್ಚೆಷ್ಟು? ನೀವು ಹೇಳಿದ ಹಾಗೆ ಜನವರಿಯಿಂದ ಏಪ್ರಿಲ್‌ವರೆಗೆ ಇನ್‌ಪುಟ್ ಕಳೆದು ತಿಂಗಳಿಗೆ 9,000 ರೂಪಾಯಿ ನಗದಾಗಿ ಕಟ್ಟಬೇಕಿದೆ. ಒಟ್ಟು 36,000. ಆಗಸ್ಟ್ 14ರಂದು ಹಾಕಿದರೆ ಜನವರಿಯ ರಿಟರ್ನ್ 175 ದಿನ, ಫೆಬ್ರವರಿಯದು 147, ಮಾರ್ಚ್‌ನದು 116, ಏಪ್ರಿಲ್‌ನದು 86 ದಿನ ತಡ. ವರ್ಷಕ್ಕೆ ಶೇ 18ರಂತೆ ಬಡ್ಡಿ ಸುಮಾರು 2,326 ರೂಪಾಯಿ. ಲೇಟ್ ಫೀ ದಿನಕ್ಕೆ 50 ರೂಪಾಯಿಯಾದರೂ ಒಂದೂವರೆ ಕೋಟಿಯೊಳಗಿನ ವಹಿವಾಟಿಗೆ ರಿಟರ್ನ್ ಒಂದಕ್ಕೆ 2,000ಕ್ಕೆ ನಿಲ್ಲುತ್ತದೆ. ಹಾಗಾಗಿ ನಾಲ್ಕಕ್ಕೆ 8,000. ನಿಲ್ ರಿಟರ್ನಿಗೆ ದಿನಕ್ಕೆ 20, ಮಿತಿ 500. ಎರಡಕ್ಕೆ ಸೇರಿ 1,000. ಎಲ್ಲ ಕೂಡಿದರೆ 47,326. ಇದು GSTR-3Bಯ ಲೆಕ್ಕವಷ್ಟೇ. GSTR-1ಕ್ಕೂ ಕಾನೂನಿನಲ್ಲಿ ಲೇಟ್ ಫೀ ಇದೆ.

ರಿಟರ್ನ್‌ಗಳನ್ನು ಹಳೆಯದರಿಂದ ಶುರುಮಾಡಿ. ಜನವರಿಯ GSTR-1, ಆಮೇಲೆ ಜನವರಿಯ 3B, ಅದಾದ ಮೇಲೇ ಫೆಬ್ರವರಿ. ಮಧ್ಯದ ತಿಂಗಳು ಹಾರಿಸಲು ಪೋರ್ಟಲ್ ಬಿಡುವುದಿಲ್ಲ. ತೆರಿಗೆಯಲ್ಲಿ ಅರ್ಧ ಈಗ, ಅರ್ಧ ಆಮೇಲೆ ಎಂದರೂ 3B ಮುಂದಕ್ಕೆ ಹೋಗದು. ಇನ್ನೊಂದು ಸಣ್ಣ ವಿಷಯ: ಒಂದು ತಿಂಗಳ ಲೇಟ್ ಫೀ ಕಾಣಿಸಿಕೊಳ್ಳುವುದು ಮುಂದಿನ ತಿಂಗಳ 3Bಯಲ್ಲಿ. ಜೂನ್‌ನ 500 ಜುಲೈ ರಿಟರ್ನಿನಲ್ಲಿ ಬರುತ್ತದೆ. ಹಾಗಾಗಿ ಜುಲೈಯದನ್ನೂ ಜೊತೆಯಲ್ಲೇ ಮುಗಿಸಿಬಿಡಿ, ಬಾಕಿ ಉಳಿದಿದೆ ಎನ್ನುವ ಮಾತಿಗೆ ಎಡೆ ಇರುವುದಿಲ್ಲ.

ಎಲ್ಲ ಹಾಕಿದ ಮೇಲೆ ಕ್ರಮ ತಾನಾಗಿ ಕೈಬಿಟ್ಟುಹೋಗಬೇಕು. ಹಾಗಾಗದಿದ್ದರೆ ನೋಟಿಸ್ ಕಾಣುವ ಪುಟದಲ್ಲೇ Initiate Drop Proceeding ಒತ್ತಿ. ಆದರೂ ಅವಧಿಯೊಳಗೆ ಒಂದು ಉತ್ತರ ಹಾಕಿಡಿ ಎನ್ನುವುದು ನನ್ನ ಅಭ್ಯಾಸ. ಇಷ್ಟು ಬರೆದರೆ ಸಾಕು:

"ನೋಟಿಸ್ ದಿನಾಂಕ 11-08-2025ಕ್ಕೆ ಉತ್ತರ. ಜನವರಿಯಿಂದ ಜೂನ್ 2025ರವರೆಗಿನ GSTR-1 ಮತ್ತು GSTR-3B ಗಳನ್ನು 14-08-2025ರಂದು ಸಲ್ಲಿಸಿದ್ದೇನೆ. ತೆರಿಗೆ, ಬಡ್ಡಿ, ವಿಳಂಬ ಶುಲ್ಕ ಪಾವತಿಸಿದ್ದೇನೆ. ARN ವಿವರ ಮತ್ತು ಚಲನ್ ಲಗತ್ತಿಸಿದೆ. ತಡವಾಗಲು ಕಾರಣ ತಾಯಿಯ ಚಿಕಿತ್ಸೆ; ಆಸ್ಪತ್ರೆಯ ಬಿಡುಗಡೆ ಪತ್ರ ಲಗತ್ತಿಸಿದೆ. ನಿಯಮ 22(4)ರಂತೆ ಕ್ರಮ ಕೈಬಿಡಬೇಕಾಗಿ ಕೋರಿಕೆ."

ಕ್ರಮ ಕೈಬಿಟ್ಟ ಆದೇಶ REG-20 ರೂಪದಲ್ಲಿ ಬರುತ್ತದೆ. ಅಲ್ಲಿಯವರೆಗೆ ಗಿರಾಕಿಗೆ ಟ್ಯಾಕ್ಸ್ ಇನ್‌ವಾಯ್ಸ್ ಬರೆಯಬೇಡಿ, ಜಿಎಸ್‌ಟಿ ವಸೂಲಿ ಮಾಡಬೇಡಿ. ಅಮಾನತಿನಲ್ಲಿದ್ದಾಗ ಹಳೆಯ ಬಿಲ್ ಪುಸ್ತಕದಲ್ಲೇ ಬರೆಯುತ್ತ ಹೋಗುವುದು ಅಂಗಡಿಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪು.

ಪ್ರಶ್ನೆ: ಶಿರಸಿಯಲ್ಲಿ ಸಿದ್ಧ ಉಡುಪಿನ ವ್ಯಾಪಾರ ನನ್ನದು. ನೋಂದಣಿ ಮಾಡಿಸಿದಾಗ ಲೆಕ್ಕ ಬರೆಯುವವರ ಇಮೇಲ್, ಮೊಬೈಲ್ ಕೊಟ್ಟಿದ್ದೆ. ಅವರು ಕೆಲಸ ಬಿಟ್ಟರು, ನೋಟಿಸ್ ನನಗೆ ಗೊತ್ತೇ ಆಗಲಿಲ್ಲ. 2025ರ ಮಾರ್ಚ್ 3ರಂದು ರದ್ದತಿ ಆದೇಶವಾಗಿದೆ, ಅದೂ 2024ರ ಅಕ್ಟೋಬರ್ 1ರಿಂದಲೇ ಜಾರಿ ಎಂದು. ನಾನು ನೋಡಿದ್ದು ಜುಲೈ 10ಕ್ಕೆ. ನೋಂದಣಿ ವಾಪಸ್ ಸಿಗುತ್ತದೆಯೇ?
(ಓದುಗರು, ಶಿರಸಿ)

ಉತ್ತರ: ಸಿಗಬಹುದು, ಆದರೆ ಸಲೀಸಾದ ಗಡುವು ಮುಗಿದಿದೆ. ರದ್ದತಿ ಹಿಂಪಡೆಯುವ ಅರ್ಜಿ REG-21 ಅನ್ನು ಆದೇಶ ತಲುಪಿದ 90 ದಿನದೊಳಗೆ ಹಾಕಬೇಕು. ನಿಮ್ಮದು ಜೂನ್ 1ಕ್ಕೆ ಮುಗಿಯಿತು. 'ನಾನು ನೋಡಿದ್ದೇ ಜುಲೈನಲ್ಲಿ' ಎಂಬ ವಾದವನ್ನು ನೆಚ್ಚಬೇಡಿ, ಪೋರ್ಟಲಿಗೆ ಹಾಕಿದ್ದೂ ಕಾನೂನಿನ ಪ್ರಕಾರ ತಲುಪಿಸಿದಂತೆಯೇ.

ಅಲ್ಲಿಂದ ಮುಂದೆ ಇನ್ನೂ 180 ದಿನದವರೆಗೆ ಅವಧಿ ವಿಸ್ತರಿಸಬಹುದು. ಆ ಅಧಿಕಾರ ಆಯುಕ್ತರದು, ಅಥವಾ ಅವರು ಅಧಿಕಾರ ಕೊಟ್ಟ, ಜಂಟಿ ಆಯುಕ್ತರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯದು. ನಿಮ್ಮ ಕೊನೆಯ ದಿನ 2025ರ ನವೆಂಬರ್ 28. ತಕ್ಕ ಕಾರಣ ತೋರಿಸಬೇಕು: ನೋಂದಣಿಯಲ್ಲಿರುವ ಇಮೇಲ್ ಯಾರದು, ಅವರು ಕೆಲಸ ಬಿಟ್ಟದ್ದು ಯಾವಾಗ ಎಂಬುದಕ್ಕೆ ಅವರಿಂದಲೇ ಒಂದು ಪತ್ರ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಸಂಬಳ ನಿಂತ ತಿಂಗಳಿನ ಬ್ಯಾಂಕ್ ವಿವರ ಕೊಡಿ.

ರಿಟರ್ನ್‌ಗಳ ವಿಷಯದಲ್ಲಿ ನಿಮ್ಮದು ತಿಪಟೂರಿನವರಿಗಿಂತ ಬೇರೆ. ರದ್ದತಿ ಹಿಂದಿನ ದಿನಾಂಕದಿಂದ ಜಾರಿಯಾಗಿರುವುದರಿಂದ, ಅಕ್ಟೋಬರ್ 1ರವರೆಗಿನ ಬಾಕಿಯನ್ನು ಮೊದಲು ತೀರಿಸಿ, ಆಮೇಲೆ ಅರ್ಜಿ. ಅಕ್ಟೋಬರ್ 1ರಿಂದ ಹಿಂಪಡೆದ ಆದೇಶದ ದಿನದವರೆಗಿನ ರಿಟರ್ನ್‌ಗಳನ್ನು ಆ ಆದೇಶ ಬಂದ 30 ದಿನದೊಳಗೆ ಹಾಕಬೇಕು. ಆ ಮೂವತ್ತು ದಿನ ಬೇಗ ಕಳೆಯುತ್ತವೆ. ಬಿಲ್‌ಗಳನ್ನು ಈಗಲೇ ಜೋಡಿಸಿ ಇಡಿ, ದುಡ್ಡೂ ಹೊಂದಿಸಿ.

ಅರ್ಜಿಯಿರುವುದು Services > Registration > Application for Revocation of Cancelled Registration ಎಂಬಲ್ಲಿ. ಅಧಿಕಾರಿಗೆ ಒಪ್ಪಿಗೆಯಾದರೆ 30 ದಿನದಲ್ಲಿ REG-22 ಆದೇಶ ಬರುತ್ತದೆ. ಇಲ್ಲವಾದರೆ REG-23 ನೋಟಿಸ್ ಬರುತ್ತದೆ. ಅದಕ್ಕೆ 7 ಕೆಲಸದ ದಿನದಲ್ಲಿ REG-24 ಉತ್ತರ ಕೊಡಬೇಕು. ಹಾಗಾಗಿ ಅರ್ಜಿ ಹಾಕಿದ ಮೇಲೆ ವಾರಕ್ಕೆರಡು ಸಲ ನೀವೇ ಲಾಗಿನ್ ಆಗಿ ನೋಡಿ. ಇಮೇಲ್ ಇನ್ನೂ ಅವರ ಹೆಸರಲ್ಲೇ ಇದೆ ಎಂಬುದು ಮರೆಯದಿರಲಿ.

ಕಳೆದುಹೋದ ಇನ್‌ಪುಟ್ ಕ್ರೆಡಿಟ್ ಬಗ್ಗೆಯೂ ಕೇಳಿದ್ದೀರಿ. ರದ್ದತಿ ಆದೇಶದ ದಿನ ಕ್ರೆಡಿಟ್‌ನ ಗಡುವು ಮುಗಿದಿರದಿದ್ದರೆ, ಹಿಂಪಡೆದ ಆದೇಶದ 30 ದಿನದೊಳಗೆ ಹಾಕುವ ಆ ರಿಟರ್ನ್‌ಗಳಲ್ಲಿ ಅದನ್ನು ಪಡೆಯಲು ಸೆಕ್ಷನ್ 16(6) ಅವಕಾಶ ಕೊಡುತ್ತದೆ. ನಿಮ್ಮ 2024-25ರ ಖರೀದಿಗೆ ಮಾಮೂಲಿ ಗಡುವು 2025ರ ನವೆಂಬರ್ 30. ಆದೇಶ ಅದಕ್ಕಿಂತ ತಡವಾಗಿ ಬಂದರೂ ಆ ಮೂವತ್ತು ದಿನ ಸಿಗುತ್ತದೆ. 30 ದಿನ ಮೀರಿದರೆ ಈ ರಿಯಾಯಿತಿ ಇಲ್ಲ.