ಬಡ್ಡಿ ಅವ್ವನಿಗೆ, ಅಸಲು ಮಗಳಿಗೆ

ಸಮೀರವಾಡಿ ಕಾರ್ಖಾನೆಗೆ ಕಬ್ಬು ಕಳಿಸುವ ಮನೆಗಳಲ್ಲಿ ದುಡ್ಡು ಬಿಲ್ ಆದಾಗ ಒಮ್ಮೆಲೇ ಬರುತ್ತದೆ, ಅವ್ವನ ಬಿ.ಪಿ. ಗುಳಿಗೆ ಮಾತ್ರ ತಿಂಗಳು ತಿಂಗಳೂ ಬೇಕು. ಆ ಖರ್ಚಿಗೆ ಮಗಳ ಕಾಲೇಜಿನ ಉಳಿತಾಯ ಮುರಿಯಬೇಡಿ. ಬಿಲ್ಲಿನಲ್ಲಿ 3 ಲಕ್ಷ ತೆಗೆದಿಡಲು ಸಾಧ್ಯವಾದರೆ, 60 ದಾಟಿದ ಅವ್ವನ ಹೆಸರಲ್ಲಿ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿ. 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ. 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 6,150 ರೂಪಾಯಿ ಬಡ್ಡಿ ಅವ್ವನ ಖಾತೆಗೇ ಬೀಳುತ್ತದೆ. ಕೈಚಾಚುವ ಮುಜುಗರ ಅವರಿಗಿಲ್ಲ. ಈಗಿನ ದರ ಕೌಂಟರಿನಲ್ಲಿ ಕೇಳಿಕೊಳ್ಳಿ. ಅಸಲು ಐದು ವರ್ಷಕ್ಕೆ ಮರಳುತ್ತದೆ, ಆಗ ಮಗಳ ಕಾಲೇಜಿಗೆ ಒದಗಬಹುದು; ನಡುವೆ ತೆಗೆದರೆ ಕಡಿತವುಂಟು. ಆದರೆ ಕಾನೂನಿನಲ್ಲಿ ಆ ಹಣ ಅವ್ವನದೇ. ಅವ್ವನ ನಂತರವೂ ನಾಮಿನಿ ಆದಮಾತ್ರಕ್ಕೆ ಅದು ನಿಮ್ಮದಾಗದು, ಅಣ್ಣ-ತಂಗಿಯರಿಗೂ ಹಕ್ಕಿರುತ್ತದೆ. ಅದಕ್ಕೇ ಹಣ ಹಾಕುವ ಮೊದಲೇ ಎಲ್ಲರೂ ಕೂತು ಮಾತಾಡಿ, ಅವ್ವ ಒಪ್ಪಿದರೆ ಉಯಿಲು ಬರೆಸಿಡಿ.