ಕೆಂಪು ಹರಳೂ ಅದರ ಚಿತ್ರವೂ

ಹರಳೊಂದರ ಛಾಯಾಚಿತ್ರವನ್ನು ನೋಡಿ ಅದು ರತ್ನವೋ ಗಾಜೋ ಎಂದು ಹೇಳಲು ಸಾಧ್ಯವೆ? ಇದಕ್ಕೆ ಉತ್ತರ ಸ್ವಲ್ಪ ವಿಚಿತ್ರವಾದುದು. ‘ಇದು ಗಾಜು’ ಎಂದು ಚಿತ್ರ ನೋಡಿ ಕೆಲವು ಸಲ ಧೈರ್ಯವಾಗಿ ಹೇಳಬಹುದು; ‘ಇದು ಮಾಣಿಕ್ಯ’ ಎಂದು ಮಾತ್ರ ಎಂದಿಗೂ ಹೇಳಲಾಗದು. ಈ ವ್ಯತ್ಯಾಸ ಏಕೆಂಬುದನ್ನು ನನ್ನ ಗಮನಕ್ಕೆ ಬಂದ ಒಂದು ಹರಳಿನ ಮೂಲಕ ವಿವರಿಸಲು ಇಲ್ಲಿ ಯತ್ನಿಸಿದ್ದೇನೆ.

ನನ್ನ ಸಹಪಾಠಿಯೊಬ್ಬನ ಮನೆಯಲ್ಲಿ ಕಳೆದ ವರ್ಷ ಆಸ್ತಿಯ ಪಾಲಾಯಿತು. ಅಜ್ಜಿಯ ಪೆಟ್ಟಿಗೆಯಲ್ಲಿ ಒಂದು ಕೆಂಪು ಹರಳಿತ್ತು. ಅದಕ್ಕೆ ಒಂದು ಲಕ್ಷ ರೂಪಾಯಿ ಬೆಲೆ ಕಟ್ಟಿ, ಅವನ ತಂದೆಯ ಪಾಲಿನ ಹಣದಲ್ಲಿ ಅಷ್ಟನ್ನು ಕಳೆದು ಹರಳನ್ನೇ ಕೊಡುವುದೆಂದು ಮಾತಾಗಿತ್ತು. “ಅಜ್ಜನ ಕಾಲದ್ದು, ಸುಳ್ಳಾಗುವುದುಂಟೆ?” ಎಂದು ಅವನ ದೊಡ್ಡಪ್ಪನವರ ವಾದ. ಗೆಳೆಯ ತನ್ನ ಮೊಬೈಲಿನಲ್ಲಿ ತೆಗೆದ ಮೂರು ಚಿತ್ರಗಳನ್ನು ನನಗೆ ತೋರಿಸಿದ.

ಮೊದಲ ಎರಡು ಚಿತ್ರಗಳಿಂದ ಏನೂ ಪ್ರಯೋಜನವಿರಲಿಲ್ಲ. ಅವುಗಳಲ್ಲಿ ಬಣ್ಣ ಮಾತ್ರ ಕಾಣುತ್ತಿತ್ತು. ಚಿತ್ರದಲ್ಲಿನ ಬಣ್ಣ ಸಾಕ್ಷಿಯೇ ಅಲ್ಲ. ಒಂದೇ ಹರಳು ಹಳದಿ ದೀಪದ ಕೆಳಗೆ ಕೆಂಡದಂತೆಯೂ, ಕಿಟಕಿಯ ಬೆಳಕಿನಲ್ಲಿ ದಾಳಿಂಬೆಯ ಕಾಳಿನಂತೆಯೂ ಕಾಣುತ್ತದೆ; ಮೊಬೈಲಂತೂ ತಾನೇ ಬಣ್ಣವನ್ನು ತಿದ್ದಿಬಿಡುತ್ತದೆ. ಹಳೆಯ ಒಡವೆಗಳಲ್ಲಿ ಹರಳಿನ ಹಿಂದೆ ತೆಳುವಾದ ಬಣ್ಣದ ತಗಡನ್ನು ಇಟ್ಟಿರುವುದೂ ಉಂಟು. ಆಗ ನಾವು ಮೆಚ್ಚುವುದು ತಗಡಿನ ಬಣ್ಣವನ್ನು! ಅದಲ್ಲದೆ ಗಾರ್ನೆಟ್, ಸ್ಪೈನೆಲ್ ಎಂಬ ಬೇರೆ ಕೆಂಪು ರತ್ನಗಳಿವೆ. ಇಂಗ್ಲೆಂಡಿನ ರಾಜಕಿರೀಟದಲ್ಲಿ ಮಾಣಿಕ್ಯವೆಂದೇ ಹೆಸರಾದ ದೊಡ್ಡ ಕೆಂಪು ಹರಳು ವಾಸ್ತವವಾಗಿ ಸ್ಪೈನೆಲ್. ಹರಳನ್ನು ಕೈಯಲ್ಲಿ ಹಿಡಿದವರಿಗೇ ಬಣ್ಣ ಹೀಗೆ ಮೋಸ ಮಾಡಿರುವಾಗ ಚಿತ್ರ ನೋಡುವವರ ಪಾಡೇನು?

ಚಿತ್ರದಲ್ಲಿ ನೋಡಬೇಕಾದುದು ಬಣ್ಣವನ್ನಲ್ಲ, ಅಂಚನ್ನು ಮತ್ತು ಒಳಗನ್ನು. ಅದಕ್ಕೆ ಹರಳನ್ನು ಸೋಪಿನ ನೀರಿನಲ್ಲಿ ತೊಳೆದು ಒರಸಿ, ಬಿಳಿಯ ಕಾಗದದ ಮೇಲಿಟ್ಟು, ಪಕ್ಕದಿಂದ ಬೆಳಕು ಬೀಳುವಂತೆ ಮಾಡಬೇಕು. ಅಕ್ಕಸಾಲಿಗರ ಬಳಿ ಇರುವ, ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಮೊಬೈಲಿನ ಕಣ್ಣಿಗೆ ಒತ್ತಿ ಹಿಡಿದು, ಒಮ್ಮೆ ಹರಳಿನ ಮೇಲ್ಮೈಗೂ ಒಮ್ಮೆ ಅದರ ಒಡಲಿಗೂ ದೃಷ್ಟಿಯನ್ನು ಹೊಂದಿಸಿ ಚಿತ್ರ ತೆಗೆಯಬೇಕು.

ಗಾಜಾಗಿದ್ದರೆ ಏನು ಕಾಣುತ್ತದೆ? ಅಚ್ಚಿನಲ್ಲಿ ಎರಕ ಹೊಯ್ದ ಗಾಜಿನ ಮುಖಗಳು ಆರುವಾಗ ಒಳಕ್ಕೆ ಕುಸಿಯುತ್ತವೆ. ಮುಖಕ್ಕೆ ಮುಖ ಕೂಡುವ ಅಂಚು ಚೂಪಾಗಿರದೆ, ಬಹಳ ದಿನ ಬಳಸಿದ ಸೋಪಿನ ಬಿಲ್ಲೆಯ ಅಂಚಿನಂತೆ ಗುಂಡಗಿರುತ್ತದೆ. ಸಾಣೆ ಹಿಡಿದ ಗಾಜಿನ ಅಂಚು ಮೊದಲು ಚೂಪಾಗಿಯೇ ಇರುತ್ತದೆ. ಆದರೆ ಗಾಜಿನ ಗಡಸುತನ ಮೋಸ್ ಮಾನದಲ್ಲಿ ಸುಮಾರು 5ರಿಂದ 6, ನಾವು ದಿನವೂ ಒರಸುವ ಧೂಳಿನಲ್ಲಿರುವ ಬೆಣಚು ಕಲ್ಲಿನ ಪುಡಿಯದು 7, ಮಾಣಿಕ್ಯದ್ದು 9. ಆದುದರಿಂದ ಕೆಲವು ವರ್ಷ ತೊಟ್ಟ ಗಾಜಿನ ಅಂಚುಗಳು ಸವೆದು ಕಚ್ಚುಕಚ್ಚಾಗುತ್ತವೆ. ಒಡಲಿನಲ್ಲಿ ಗುಂಡನೆಯ ಗಾಳಿಗುಳ್ಳೆಗಳೂ, ಪಾನಕಕ್ಕೆ ಬೆಲ್ಲದ ಪಾಕ ಹೊಯ್ದಾಗ ಕಾಣುವಂಥ ಸುರುಳಿ ಗೆರೆಗಳೂ ಇರುತ್ತವೆ. ಗುಂಡು ಅಂಚು, ಗುಳ್ಳೆ, ಸುರುಳಿ, ಈ ಮೂರೂ ಒಟ್ಟಿಗೆ ಕಂಡರೆ ಗಾಜೆಂದು ಚಿತ್ರದ ಮೇಲೆಯೇ ತೀರ್ಪು ಹೇಳಬಹುದು. ಕಾಣದಿದ್ದರೆ? ಆಗ ಅದು ಹೊಸದಾಗಿ ಸಾಣೆ ಹಿಡಿದ ಶುದ್ಧವಾದ ಗಾಜೂ ಆಗಿರಬಹುದು. ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣವಲ್ಲವೆಂದು ನಮ್ಮ ತರ್ಕಶಾಸ್ತ್ರದ ಉಪನ್ಯಾಸಕರು ಹೇಳುವ ಮಾತು ಹರಳಿಗೂ ಸಲ್ಲುತ್ತದೆ.

ಗೆಳೆಯನ ಮೂರನೆಯ ಚಿತ್ರವನ್ನು ಹೀಗೆ ಮತ್ತೆ ತೆಗೆಸಿದೆವು. ಅಂಚುಗಳೆಲ್ಲ ಕತ್ತಿಯಂತಿದ್ದವು, ಸವೆತವೇ ಇರಲಿಲ್ಲ. ಆದರೆ ಒಡಲಿನಲ್ಲಿ, ಒಂದು ಮೂಲೆಯಲ್ಲಿ, ಎರಡು ಗುಂಡು ಗುಳ್ಳೆಗಳಿದ್ದವು! ಅಂಚು ರತ್ನವೆನ್ನುತ್ತದೆ, ಗುಳ್ಳೆ ಗಾಜೆನ್ನುತ್ತದೆ. ಚಿತ್ರದ ಕೆಲಸ ಇಲ್ಲಿಗೆ ಮುಗಿಯಿತು.

ಮುಂದಿನ ಹೆಜ್ಜೆ ತೂಕ. ಅಕ್ಕಸಾಲಿಗರೊಬ್ಬರು ತಮ್ಮ ಕ್ಯಾರೆಟ್ ತಕ್ಕಡಿಯನ್ನು ದಯೆಯಿಂದ ಒದಗಿಸಿದರು. ಹರಳು ಗಾಳಿಯಲ್ಲಿ 4.20 ಕ್ಯಾರೆಟ್ ತೂಗಿತು. ಕೂದಲೆಳೆಯಷ್ಟು ಸಣ್ಣ ತಂತಿಯಲ್ಲಿ ನೀರಿನೊಳಗೆ ತೂಗಬಿಟ್ಟು, ತಂತಿಯ ತೂಕವನ್ನು ಕಳೆದಾಗ 3.15 ಬಂತು. ನೀರಿನಲ್ಲಿ ಕಡಿಮೆಯಾದುದು 1.05, 4.20ನ್ನು 1.05ರಿಂದ ಭಾಗಿಸಿದರೆ 4.00. ಇದೇ ಹರಳಿನ ಸಾಪೇಕ್ಷ ಸಾಂದ್ರತೆ. ಈ ಕೆಲಸದಲ್ಲಿ ಹರಳಿಗೆ ಅಂಟಿದ ನೀರಿನ ಗುಳ್ಳೆಯನ್ನು ಕುಂಚದಿಂದ ಒರಸದಿದ್ದರೆ ಲೆಕ್ಕ ಕೆಡುತ್ತದೆ. ನೀರಿನ ತೂಕದಲ್ಲಿ 0.02 ಕ್ಯಾರೆಟ್ ತಪ್ಪಿದರೂ ಉತ್ತರ 3.93 ಅಥವಾ 4.08 ಆದೀತು. ಸಾಧಾರಣ ಗಾಜಿನದು ಸುಮಾರು 2.5, ಸ್ಪೈನೆಲಿನದು 3.60, ಎರಡೂ ಬಿಟ್ಟುಹೋದವು. ಮಾಣಿಕ್ಯದ್ದು ಸರಿಯಾಗಿ 4.00. ಗೆಳೆಯ ಹಿಗ್ಗಿದ. ಆದರೆ ಕೆಲವು ಗಾರ್ನೆಟ್‌ಗಳೂ, ಸೀಸ ಹೆಚ್ಚಾಗಿ ಬೆರೆಸಿದ ಗಾಜೂ ಇದೇ ಅಂಕಿಯ ಹತ್ತಿರ ಬರುತ್ತವೆ. ಗುಳ್ಳೆಗಳಿಗಂತೂ ಇನ್ನೂ ಸಮಾಧಾನ ದೊರೆತಿರಲಿಲ್ಲ.

ಹರಳನ್ನು ಪರೀಕ್ಷಾಲಯಕ್ಕೆ ಕಳುಹಿಸಿದ್ದು ಇದಕ್ಕಾಗಿಯೇ. ಅಲ್ಲಿ ಮೊದಲು ವಕ್ರೀಭವನಮಾಪಕದಲ್ಲಿಟ್ಟು ನೋಡುತ್ತಾರೆ. ಮಾಣಿಕ್ಯವು ಬೆಳಕಿನ ಕಿರಣವನ್ನು ಎರಡಾಗಿ ಸೀಳುವುದರಿಂದ 1.762, 1.770 ಎಂಬ ಎರಡು ಅಂಕಿಗಳ ಸುಮಾರಿನಲ್ಲಿ ಓದಿಗೆ ಸಿಕ್ಕುತ್ತದೆ. ಗಾಜಿಗೂ ಗಾರ್ನೆಟ್ಟಿಗೂ ಒಂದೇ ಅಂಕಿ. ನಮ್ಮ ಹರಳು ಎರಡು ಅಂಕಿಗಳನ್ನು ಕೊಟ್ಟಿತು. ಅಂದರೆ ಅದು ಗಾಜಲ್ಲ, ಗಾರ್ನೆಟ್ಟೂ ಅಲ್ಲ, ಮಾಣಿಕ್ಯದ ದ್ರವ್ಯವೇ.

ಆದರೆ ಆ ದ್ರವ್ಯ ನೆಲದಲ್ಲಿ ಹುಟ್ಟಿದುದೊ, ಕುಲುಮೆಯಲ್ಲಿ ಹುಟ್ಟಿದುದೊ? ಫ್ರಾನ್ಸಿನ ವೆರ್ನೂಯಿ 1902ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಅಲ್ಯುಮಿನಾ ಪುಡಿಯನ್ನು ಉರಿಯ ಮೂಲಕ ಉದುರಿಸಿ, ಕರಗಿದ ಹನಿಗಳನ್ನು ಪದರಪದರವಾಗಿ ಬೆಳೆಸುತ್ತಾರೆ. ದ್ರವ್ಯ, ಗಡಸುತನ, ತೂಕ, ವಕ್ರೀಭವನ ಎಲ್ಲವೂ ನಿಜವಾದ ಮಾಣಿಕ್ಯದವೇ. ಕರಗಿ ಗಟ್ಟಿಯಾದುದರಿಂದ ಗುಳ್ಳೆಗಳು ಉಳಿದಿರಬಹುದು. ಅದನ್ನು ಹಿಡಿದುಕೊಡುವುದು ಸೂಕ್ಷ್ಮದರ್ಶಕ ಮಾತ್ರ: ನೆಲದ ಮಾಣಿಕ್ಯದಲ್ಲಿ ಬಣ್ಣದ ಪಟ್ಟೆಗಳು ನೆಟ್ಟಗೆ ಹೋಗಿ ಕೋನವಾಗಿ ಕೂಡುತ್ತವೆ, ರೂಟೈಲಿನ ರೇಷ್ಮೆಯೆಳೆಗಳಂಥ ಸೂಜಿಗಳಿರುವುದೂ ಉಂಟು, ಕುಲುಮೆಯದರಲ್ಲಿ ಗೆರೆಗಳು ಗ್ರಾಮಫೋನ್ ತಟ್ಟೆಯ ಗೆರೆಗಳಂತೆ ಬಾಗಿರುತ್ತವೆ. ಈ ಗೆರೆಗಳು ಬಲು ಮಾಸಲು. ಹರಳನ್ನು ತಕ್ಕ ದ್ರವದಲ್ಲಿ ಮುಳುಗಿಸಿ ತಿರುತಿರುಗಿಸಿ ನೋಡಿದರಷ್ಟೆ ಕಂಡಾವು. ಇಂಥ ಹರಳುಗಳು ಇಪ್ಪತ್ತನೆಯ ಶತಮಾನದ ಮೊದಲಲ್ಲೇ ಪೇಟೆಗೆ ಬಂದಿದ್ದವು. ಆದ್ದರಿಂದ ‘ಅಜ್ಜನ ಕಾಲದ್ದು’ ಎಂಬ ಮಾತಿನಿಂದ ಯಾವುದೂ ಸ್ಥಾಪಿತವಾಗುವುದಿಲ್ಲ.

ಗುಳ್ಳೆಗೆ ಇನ್ನೊಂದು ಅರ್ಥವೂ ಇದೆ. 2004ರ ಸುಮಾರಿನಿಂದ, ಬಿರುಕುಬಿಟ್ಟ ಕೀಳು ಮಾಣಿಕ್ಯದೊಳಕ್ಕೆ ಸೀಸದ ಗಾಜನ್ನು ಕರಗಿಸಿ ತುಂಬಿ ತಿಳಿಯಾಗಿಸಿ ಮಾರುತ್ತಿದ್ದಾರೆ. ಅದು ಅರ್ಧ ರತ್ನ, ಅರ್ಧ ಗಾಜು. ವಕ್ರೀಭವನಮಾಪಕ ಮಾಣಿಕ್ಯವೆಂದೇ ಓದಬಹುದು. ಹರಳನ್ನು ಓರೆಮಾಡಿದಾಗ ಬಿರುಕಿನಿಂದ ನೀಲಿಯ ಮಿಂಚು ಹೊಳೆಯುವುದೇ ಅದರ ಗುರುತು. ಚಲಿಸದ ಚಿತ್ರಕ್ಕೆ ಆ ಮಿಂಚು ಸಿಕ್ಕುವುದು ಅಪರೂಪ. ಅಕ್ಕಸಾಲಿಯ ಊದುಗೊಳವೆಯ ಉರಿ ತಗುಲಿದರೆ, ಅಷ್ಟೇಕೆ, ನಿಂಬೆಯ ರಸ ತಗುಲಿದರೂ ತುಂಬಿದ ಗಾಜು ಕೆಡುತ್ತದೆ. ಹುಣಸೆ ನಿಂಬೆಗಳಿಂದ ಒಡವೆ ತೊಳೆಯುವ ಮನೆಗಳಲ್ಲಿ ಇದನ್ನು ತಿಳಿದಿರುವುದು ಮೇಲು.

ಗೆಳೆಯನ ಹರಳಿನ ವರದಿ ಹದಿನೈದು ದಿನಕ್ಕೆ ಬಂತು. ಬಾಗಿದ ಗೆರೆಗಳು, ಗಾಳಿಗುಳ್ಳೆಗಳು, ಕೃತಕ ಮಾಣಿಕ್ಯ. ಅದರ ಬೆಲೆ ಕೆಲವು ನೂರು ರೂಪಾಯಿಗಳನ್ನು ಮೀರದೆಂದು ಅಕ್ಕಸಾಲಿಗರು ಹೇಳಿದರು. ದೊಡ್ಡಪ್ಪನವರು ವರದಿಯನ್ನು ಎರಡು ಸಲ ಓದಿಸಿ ಕೇಳಿ, ಒಂದು ಲಕ್ಷವನ್ನು ಲೆಕ್ಕದಿಂದ ತೆಗೆಸಿದರು. ಹರಳನ್ನು ಮಾತ್ರ ತಾವೇ ಇಟ್ಟುಕೊಂಡರು.